ಉಡುಪು ಬದಲಿಸುವ ಪ್ರಾಂಪ್ಟ್: ನಮ್ಮ ಹಾಸನದ ಮಳಿಗೆಯ ಮಾದರಿ

ಬಳಸುವವರಿಗೆ: ಮುಂದಿನ ಉಡುಪಿಗೆ ಉಡುಪು, ಬಟ್ಟೆ, ಬಣ್ಣ ಮತ್ತು ಉಡುವ ರೀತಿಯನ್ನು ಹೇಳುವ ಪದಗಳನ್ನಷ್ಟೇ ಬದಲಿಸಿ, ಕೊನೆಯ ವಾಕ್ಯವನ್ನು ಮುಟ್ಟಬೇಡಿ.

ಹಳೇಬೀಡಿನ ದೇಗುಲದ ಮುಂದೆ ತೆಗೆದ ಈ ಫೋಟೊದಲ್ಲಿ ಮಹಿಳೆ ಉಟ್ಟಿರುವ ಹತ್ತಿ ಸೀರೆಯ ಬದಲಿಗೆ ಮೈಸೂರು ರೇಷ್ಮೆ ಸೀರೆ ಇರಲಿ. ಬಟ್ಟೆ ಕ್ರೇಪ್ ರೇಷ್ಮೆ ಆಗಿರುವುದರಿಂದ ಅದು ಗರಿಗರಿಯಾಗಿ ನಿಲ್ಲದೆ ಮೈಗೆ ಹೊಂದಿಕೊಂಡು ಇಳಿಬೀಳಬೇಕು; ಜರಿಯಂಚು ನೆರಿಗೆಯ ಮಡಿಕೆಗಳೊಂದಿಗೇ ಬಾಗಬೇಕೇ ಹೊರತು ಮೇಲೆ ಅಂಟಿಸಿದ ಹಳದಿ ಪಟ್ಟಿಯಂತೆ ಕಾಣಬಾರದು. ಬಣ್ಣ ಮಾಗಿದ ಕಾಫಿ ಹಣ್ಣಿನ ಕೆಂಪು, ಕುಂಕುಮದ ಕೆಂಪಲ್ಲ. ನೆರಿಗೆ ಪಾದದವರೆಗೆ, ಸೆರಗು ಎಡ ಹೆಗಲಿನಿಂದ ಸಡಿಲವಾಗಿ, ರವಿಕೆಯ ತೋಳು ಮೊಣಕೈವರೆಗೆ ಇರಲಿ. ಮುಖ, ಮೈಬಣ್ಣ, ಮೈಕಟ್ಟು, ಬೆರಳುಗಳು, ಗಾಜಿನ ಬಳೆ, ಮುಡಿದ ಮಲ್ಲಿಗೆ, ಹಿಂದಿನ ಬಳಪದ ಕಲ್ಲಿನ ಕೆತ್ತನೆ ಮತ್ತು ಎಡದಿಂದ ಬೀಳುವ ಸಂಜೆಬೆಳಕು, ಇವುಗಳಲ್ಲಿ ಯಾವುದೂ ಎಳ್ಳಷ್ಟೂ ಬದಲಾಗಬಾರದು.