ಮಿಣ್ಣನ ಪುಟ್ಟ ದೀಪ

ತೀರ್ಥಹಳ್ಳಿ ಹತ್ತಿರ ಒಂದು ಅಡಿಕೆ ತೋಟ. ತೋಟದ ಪಕ್ಕ ಅಜ್ಜಿ ಮನೆ. ಮನೆಯ ಹಿಂದೆ ದೊಡ್ಡ ದೊಡ್ಡ ಕೆಸುವಿನ ಎಲೆಗಳು. ಅವುಗಳ ಅಡಿಯಲ್ಲಿದ್ದ ನಮ್ಮ ಮಿಣ್ಣ.

ಮಿಣ್ಣ ಒಂದು ಮಿಣುಕುಹುಳ. ಅನ್ನದ ಅಗುಳಿನಷ್ಟೇ ಇದ್ದ. ಅವನ ಹತ್ತಿರ ಒಂದು ದೀಪ ಇತ್ತು. ಎಲ್ಲಿತ್ತು ಹೇಳು? ತಲೆ ಮೇಲಾ? ಅಲ್ಲ. ಕೈಯಲ್ಲಾ? ಅಲ್ಲ. ಹೊಟ್ಟೆಯ ತುದಿಯಲ್ಲಿ!

ಮಿಣುಕ್... ಮಿಣುಕ್... ಮಿಣುಕ್.

ಒಂದು ರಾತ್ರಿ ಗುಡುಗು ಬಂತು. ದಡ ದಡ ದಡ! ಮಳೆ ಬಂತು. ಧೋ! ಕಪ್ಪೆಗಳಿಗೆ ಖುಷಿಯೋ ಖುಷಿ. ವಟರ್ ವಟರ್ ವಟರ್!

ಫುಟ್! ಕರೆಂಟು ಹೋಯ್ತು. ಮಲೆನಾಡಲ್ಲಿ ಮಳೆ ಬಂದರೆ ಮೊದಲು ಓಡಿಹೋಗೋದು ಕರೆಂಟೇ ತಾನೆ?

ಮನೆಯೊಳಗೆ ಅಜ್ಜಿಯ ಮೊಮ್ಮಗಳು ಸಿರಿಯ ಹಾಸಿಗೆ ಪಕ್ಕದ ಚಿಕ್ಕ ಲೈಟೂ ಆರಿಹೋಯ್ತು.

"ಅಜ್ಜೀ, ಕತ್ತಲೇ!"

"ಇಲ್ಲೇ ಇದೀನಿ ಕೂಸೇ. ಚಿಮಣಿ ದೀಪ ಹಚ್ಚಲಾ?"

"ಬೇಡ, ಅದು ವಾಸನೆ."

ಮಿಣ್ಣನಿಗೆ ಇದು ಕೇಳಿಸಿತು. "ನಾನು ಹೋಗ್ತೀನಿ" ಅಂದ. ಆದರೆ ಮಳೆ! ಕೆಸುವಿನ ಎಲೆ ಮೇಲೆ ಬಿದ್ದ ಹನಿಗಳು ಜರ್‍ರನೆ ಜಾರಿ ಕೆಳಗೆ ಬೀಳುತ್ತಿದ್ದವು. ಎಲೆಯ ಅಡಿಯಲ್ಲಿ ಮಿಣ್ಣ ಮಾತ್ರ ಒದ್ದೆಯಾಗದೆ ಇದ್ದ.

ಮಳೆ ಸ್ವಲ್ಪ ನಿಂತಿತು. ಮಿಣ್ಣ ಹಾರಿದ. ಬಾಳೆ ಎಲೆಯ ಕೆಳಗೆ ಕೂತ. ಮಿಣುಕ್. ಮತ್ತೆ ಹಾರಿದ. ಸೂರಿನ ಕೆಳಗೆ ಕೂತ. ಮಿಣುಕ್. ಇನ್ನೊಂದು ಸಲ ಹಾರಿ ಕಿಟಕಿಗೇ ಬಂದ. ಮಿಣುಕ್!

"ಅಜ್ಜೀ, ನಕ್ಷತ್ರ ಮನೆಗೆ ಬಂತು!"

"ನಕ್ಷತ್ರ ಅಲ್ಲ ಕೂಸೇ, ಮಿಣುಕುಹುಳ."

ಸಿರಿ ಬೆರಳು ಚಾಚಿದಳು. "ಸುಡುತ್ತಾ ಅಜ್ಜಿ?"

"ಇಲ್ಲ. ಅದರ ದೀಪ ಬಿಸಿ ಆಗಲ್ಲ."

ಮಿಣ್ಣ ಸಿರಿಯ ಬೆರಳ ಮೇಲೆ ನಡೆದ. ಕಚಗುಳಿ! ಸಿರಿ ಕಿಲಕಿಲ ನಕ್ಕಳು.

"ಡಬ್ಬಿಯಲ್ಲಿ ಹಾಕಿ ಇಟ್ಕೊಳ್ಲಾ?"

"ಬೇಡ ಕೂಸೇ. ಅವನಿಗೆ ಬೇಕಾದಾಗ ಹಾರಬೇಕಲ್ಲ?"

ಮಿಣ್ಣ ಸೊಳ್ಳೆ ಪರದೆಯ ಮೇಲೆ ಹೋಗಿ ಕೂತ. ಸಿರಿ ಮಲಗಿಕೊಂಡೇ ಎಣಿಸಿದಳು.

ಮಿಣುಕ್... ಒಂದು.
ಮಿಣುಕ್... ಎರಡು.
ಮಿಣುಕ್... ಮೂರು.
ಮಿಣುಕ್... ನಾ... ಆ...

ನಾಲ್ಕು ಬರೋದರೊಳಗೆ ನಿದ್ದೆ ಬಂತು. ಮಿಣ್ಣ ಮಾತ್ರ ನಿಲ್ಲಿಸಲಿಲ್ಲ. ಮಿಣುಕ್. ಮಿಣುಕ್. ಮಿಣುಕ್.

ಆಮೇಲೆ ಏನಾಯ್ತು ಗೊತ್ತಾ? ಭಗ್! ಕರೆಂಟು ಬಂತು. ಎಲ್ಲ ಲೈಟೂ ಹತ್ತಿತು. ಫ್ಯಾನು ಗರಗರ. ಟಿವಿ ಬೇರೆ ಜೋರಾಗಿ ಕೂಗಿತು! ಅಷ್ಟು ಬೆಳಕಲ್ಲಿ ಮಿಣ್ಣನ ದೀಪ ಕಾಣಲೇ ಇಲ್ಲ, ಪಾಪ.

ಅಜ್ಜಿ ಕಣ್ಣುಜ್ಜಿಕೊಂಡು ಎದ್ದರು. "ಥೋ, ಈ ಕರೆಂಟಿಗೆ ಬರೋದಕ್ಕೆ ಬೇರೆ ಹೊತ್ತೇ ಇರಲಿಲ್ವಾ?"

ಟಿವಿ ಆಫ್. ದೊಡ್ಡ ಲೈಟು ಆಫ್. ಚಿಕ್ಕ ಲೈಟೂ ಆಫ್!

ಸೊಳ್ಳೆ ಪರದೆಯ ಮೇಲೆ... ಮಿಣುಕ್!

"ಓಹೋ, ನೀನು ಇನ್ನೂ ಇಲ್ಲೇ ಇದೀಯಾ? ಒಳ್ಳೇದಾಯ್ತು ಮಾರಾಯ," ಅಂದರು ಅಜ್ಜಿ. "ನೀನೇ ಉರಿಸ್ತಾ ಇರು. ನಿನಗಾದರೆ ಬಿಲ್ಲೂ ಕಟ್ಟಬೇಕಾಗಿಲ್ಲ!"