ನೆರೆಯಿಂದ ಹಾಳಾದ ಬೆಳೆಯನ್ನು ಸ್ಥಳಕ್ಕೆ ಬಂದು ಪರಿಶೀಲಿಸಲು ಮನವಿ

ದಿನಾಂಕ: 28-07-2021

ಇವರಿಗೆ,
ಮಾನ್ಯ ತಹಶೀಲ್ದಾರರು,
ಅಂಕೋಲಾ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ

ಇವರಿಂದ,
ಗಣಪತಿ ನಾಯ್ಕ, ರೈತ, ಹಿಲ್ಲೂರು

ವಿಷಯ: ಸರ್ವೆ ನಂಬರ್ 47/2ರ ಭತ್ತ ಮತ್ತು ಅಡಿಕೆ ತೋಟದ ಹಾನಿ ಸಮೀಕ್ಷೆ ಬೇಗ ಮಾಡಿಸುವ ಬಗ್ಗೆ.

ಮಾನ್ಯರೇ,

ಜುಲೈ 22ರ ರಾತ್ರಿ ಗಂಗಾವಳಿ ಉಕ್ಕಿ ನಮ್ಮ ಗದ್ದೆಗೆ ನುಗ್ಗಿತು. ಮೂರು ದಿನ ನೀರು ಇಳಿಯಲಿಲ್ಲ. ನನ್ನ ಗದ್ದೆ 1 ಎಕರೆ 12 ಗುಂಟೆ. ನೆಟ್ಟಿ ಮುಗಿದು ಹದಿನೈದು ದಿನ ಆಗಿತ್ತಷ್ಟೆ. ಹೊಳೆ ಬದಿಯ 28 ಗುಂಟೆಯಲ್ಲಿ ಈಗ ಅರ್ಧ ಅಡಿಗಿಂತ ಜಾಸ್ತಿ ಮರಳು, ಹೂಳು ಕೂತಿದೆ. ಅಲ್ಲಿ ಸಸಿ ಕಾಣುವುದೇ ಇಲ್ಲ.

ಉಳಿದ 24 ಗುಂಟೆ ದೂರದಿಂದ ಹಸಿರಾಗಿಯೇ ಕಾಣುತ್ತದೆ. ಆದರೆ ಸಸಿ ಹಿಡಿದು ಎಳೆದರೆ ಸುಳಿ ಸುಮ್ನೆ ಕೈಗೆ ಬರುತ್ತದೆ, ಬುಡ ಕೊಳೆತಿದೆ. ಅದಕ್ಕೇ ದಯವಿಟ್ಟು ರಸ್ತೆಯಿಂದ ನೋಡದೆ ಗದ್ದೆಗೇ ಇಳಿದು ನೋಡುವಂತೆ ಹೇಳಬೇಕು. ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದರೆ ಮಾತ್ರ ಪರಿಹಾರ ಎಂಬ ನಿಯಮ ಗೊತ್ತಿದೆ. ನನ್ನ ಗದ್ದೆಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಹೋಗಿದೆ.

ತೋಟದಲ್ಲಿ ಎರಡು ವರ್ಷದ 60 ಅಡಿಕೆ ಸಸಿ, 85 ಬಾಳೆ ಹೋಗಿವೆ. ತೋಟಗಾರಿಕೆ ಇಲಾಖೆಯವರೂ ಜೊತೆಗೆ ಬಂದರೆ ಒಳ್ಳೆಯದು.

ಆತುರಕ್ಕೆ ಕಾರಣ ಇದೆ. ಎತ್ತರದ ಗದ್ದೆಯ ನೆಂಟರ ಹತ್ತಿರ ಸ್ವಲ್ಪ ಅಗೆ ಉಳಿದಿದೆ, ಕೊಡುತ್ತೇನೆ ಎಂದಿದ್ದಾರೆ. ಆಗಸ್ಟ್ ಮೊದಲ ವಾರ ಕಳೆದರೆ ಅದು ಬಲಿತು ಹೋಗುತ್ತದೆ. ಈಗಲೇ ಉತ್ತು ನೆಟ್ಟರೆ ಹಾನಿಯ ಗುರುತು ಅಳಿಯುತ್ತದೆ, ಕಾದರೆ ಈ ವರ್ಷದ ಅಕ್ಕಿ ಇಲ್ಲ. 2019ರ ನೆರೆಯಲ್ಲಿ ನಾನು ಮೊದಲು ಉತ್ತು, ಆಮೇಲೆ ಅರ್ಜಿ ಕೊಟ್ಟಿದ್ದೆ. ತೋರಿಸಲು ಏನೂ ಉಳಿದಿರಲಿಲ್ಲ. ಈ ಸಲ ಹಾಗಾಗಬಾರದು.

ಆದ್ದರಿಂದ ಗ್ರಾಮ ಲೆಕ್ಕಾಧಿಕಾರಿ ಮತ್ತು ಕೃಷಿ ಇಲಾಖೆಯವರನ್ನು ಆಗಸ್ಟ್ 2ರ ಒಳಗೆ ಕಳಿಸಿಕೊಡಬೇಕು. ಅಷ್ಟರಲ್ಲಿ ಆಗದಿದ್ದರೆ, ಹೂಳು ತುಂಬಿದ ಭಾಗ ಹಾಗೇ ಬಿಟ್ಟು 24 ಗುಂಟೆ ಮಾತ್ರ ಉಳಲು ಲಿಖಿತ ಒಪ್ಪಿಗೆ ಕೊಡಿ. ಉಳುವ ಮೊದಲು ಅಕ್ಕಪಕ್ಕದವರ ಎದುರು ಫೋಟೊ ತೆಗೆದಿಡುತ್ತೇನೆ. ಹೂಳು ಮೂರು ಇಂಚಿಗಿಂತ ದಪ್ಪ ಇರುವುದರಿಂದ ಅದನ್ನು ತೆಗೆಸುವ ನೆರವಿಗೂ ನನ್ನ ಹೆಸರು ಬರೆದುಕೊಳ್ಳಬೇಕು.

ಒಂದು ಮಾತು ಮೊದಲೇ ಹೇಳುತ್ತೇನೆ. ಪಹಣಿಯಲ್ಲಿ ನನ್ನ ಜೊತೆ ತಮ್ಮನ ಹೆಸರೂ ಇದೆ. ಬೇಸಾಯ ನಾನೇ ಮಾಡುತ್ತಿದ್ದೇನೆ. ಪರಿಹಾರ ನನ್ನ ಖಾತೆಗೆ ಬರಲು ಅವನು ಒಪ್ಪಿ ಸಹಿ ಹಾಕಿದ ಪತ್ರ ಇಟ್ಟಿದ್ದೇನೆ.

ಸಮೀಕ್ಷೆಗೆ ಯಾವ ಹೊತ್ತಿಗೆ ಬಂದರೂ ನಾನು ಗದ್ದೆಯಲ್ಲೇ ಸಿಗುತ್ತೇನೆ.

ತಮ್ಮ ವಿಶ್ವಾಸಿ,
ಗಣಪತಿ ನಾಯ್ಕ

ಲಗತ್ತು: ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿ, ತಮ್ಮನ ಒಪ್ಪಿಗೆ ಪತ್ರ, ಜುಲೈ 26ರಂದು ತೆಗೆದ ಆರು ಫೋಟೊ.