ಪರಿಶೀಲಕರ ಟಿಪ್ಪಣಿಗಳಿಗೆ ಉತ್ತರ: ರೊಬಸ್ಟಾ ಪಾರ್ಚ್‌ಮೆಂಟ್ ಕಾಫಿಯ ತೇವಾಂಶ, ಕೈ ಮೀಟರ್ ಮತ್ತು ಓವನ್ ಹೋಲಿಕೆ

ಮಾನ್ಯ ಸಂಪಾದಕರಿಗೆ,

ನಮ್ಮ ಹಸ್ತಪ್ರತಿಯನ್ನು ಇಷ್ಟು ಗಮನವಿಟ್ಟು ಓದಿದ ಇಬ್ಬರು ಪರಿಶೀಲಕರಿಗೂ ತಮಗೂ ಕೃತಜ್ಞತೆಗಳು. ಪ್ರತಿ ಟಿಪ್ಪಣಿಯನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು ಅದರ ಕೆಳಗೆ ಉತ್ತರ ಬರೆದಿದ್ದೇವೆ. ಸಾಲು ಸಂಖ್ಯೆಗಳೆಲ್ಲ ತಿದ್ದಿದ ಪ್ರತಿಯವು. ಪರಿಶೀಲಕರು 1 ಅವರ ಮೊದಲ ಎರಡು ಟಿಪ್ಪಣಿಗಳಿಂದ ನಮ್ಮ ಮುಖ್ಯ ಶಿಫಾರಸೇ ಬದಲಾಗಿರುವುದರಿಂದ ದಯವಿಟ್ಟು ಅವನ್ನು ಮೊದಲು ನೋಡಬೇಕೆಂದು ಕೋರುತ್ತೇವೆ.

ಪರಿಶೀಲಕರು 1

1.1 "120 ಮಾದರಿಗಳಲ್ಲಿ 90ನ್ನು ಮಾಪನಾಂಕಕ್ಕೂ 30ನ್ನು ಪರೀಕ್ಷೆಗೂ ಲಾಟರಿ ಎತ್ತಿದಂತೆ ಆರಿಸಲಾಗಿದೆ. ಒಂದೇ ಲಾಟ್‌ನ ಮಾದರಿಗಳು ಎರಡೂ ಕಡೆ ಇದ್ದರೆ ದೋಷ ಕಡಿಮೆ ಕಾಣುವುದು ಸಹಜವಲ್ಲವೇ?"

ಒಪ್ಪುತ್ತೇವೆ. ಗೋಣಿಕೊಪ್ಪಲು, ಸಿದ್ದಾಪುರ, ಪಾಲಿಬೆಟ್ಟ ಸುತ್ತಿನ ಮೂರು ಕಣಗಳಿಂದ ತಲಾ 4, ಒಟ್ಟು 12 ಲಾಟ್‌ಗಳಿದ್ದು, ಪ್ರತಿ ಲಾಟ್‌ನಿಂದ 10 ಮಾದರಿ ತೆಗೆಯಲಾಗಿದೆ. ಒಂದು ಲಾಟ್‌ನ ಹಣ್ಣೆಲ್ಲ ಒಂದೇ ದಿನ ಪಲ್ಪರ್‌ಗೆ ಹೋಗಿ ಒಂದೇ ಕಣದಲ್ಲಿ ಒಣಗಿದೆ. ಹಾಗಾಗಿ ಅದರ 10 ಮಾದರಿಗಳನ್ನು ಸ್ವತಂತ್ರ ಎನ್ನಲಾಗದು. ಈಗ ಪ್ರತಿ ಸಲವೂ ಒಂದು ಲಾಟ್ ಪೂರ್ತಿ ಹೊರಗಿಟ್ಟು, ಉಳಿದ 11ರಿಂದ ಸಮೀಕರಣ ಪಡೆದು, ಹೊರಗಿಟ್ಟದ್ದರ ಮೇಲೆ ಪರೀಕ್ಷಿಸಿದ್ದೇವೆ. ವರ್ಗ-ಸರಾಸರಿ-ಮೂಲ ದೋಷ 0.41ರಿಂದ 0.63 ಶೇಕಡಾ ಅಂಶಕ್ಕೆ ಏರಿತು. ಹಳೆಯ ಸಂಖ್ಯೆಯನ್ನು ಸಾರಾಂಶದಿಂದಲೂ ಕೋಷ್ಟಕ 3ರಿಂದಲೂ ತೆಗೆದಿದ್ದೇವೆ (ಸಾಲು 18, 204–221). ಕಣವನ್ನೇ ಪೂರ್ತಿ ಹೊರಗಿಡುವ ಪರೀಕ್ಷೆ ಇನ್ನೂ ಕಟ್ಟುನಿಟ್ಟಾದದ್ದು ನಿಜ. ಮೂರೇ ಕಣಗಳಿಂದ ಅದಕ್ಕೆ ನಂಬಬಹುದಾದ ಅಂದಾಜು ಸಿಗದ ಕಾರಣ ಮಾಡಿಲ್ಲ, ಇದನ್ನು ಮಿತಿಗಳಲ್ಲಿ ಬರೆದಿದ್ದೇವೆ.

1.2 "ಸಹಸಂಬಂಧ ಗುಣಾಂಕ 0.96 ಎಂದ ಮಾತ್ರಕ್ಕೆ ಮೀಟರ್ ಓವನ್‌ಗೆ ಸಮವೆಂದಾಗುವುದಿಲ್ಲ."

ಸರಿ. ಮಾದರಿಗಳು ಶೇ. 9ರಿಂದ 16ರವರೆಗೆ ಹರಡಿರುವುದರಿಂದಲೇ ಗುಣಾಂಕ ಅಷ್ಟು ಎತ್ತರಕ್ಕೆ ಹೋಗಿದೆ, ಶೇ. 10ರ ಸುತ್ತ ಮೀಟರ್ ಎಷ್ಟು ತಪ್ಪುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಬ್ಲಾಂಡ್–ಆಲ್ಟ್‌ಮನ್ ವಿಶ್ಲೇಷಣೆಯನ್ನು ಸೇರಿಸಿದ್ದೇವೆ (ಚಿತ್ರ 4). ಹೊರಗಿಟ್ಟ ಲಾಟ್‌ಗಳಲ್ಲಿ ಮೀಟರ್‌ನ ತಿದ್ದಿದ ರೀಡಿಂಗ್‌ನಿಂದ ಓವನ್ ಮೌಲ್ಯ ಕಳೆದರೆ ಸರಾಸರಿ ವ್ಯತ್ಯಾಸ +0.18, ಪ್ರಮಾಣ ವಿಚಲನೆ 0.60:

```
0.18 ± 1.96 × 0.60  →  −1.00 ... +1.36
```

ಅಂದರೆ ಮೀಟರ್ 10.0 ತೋರಿಸಿದಾಗ ನಿಜವಾದ ತೇವಾಂಶ ಸುಮಾರು 8.6ರಿಂದ 11.0ರ ನಡುವೆ ಎಲ್ಲಿ ಬೇಕಾದರೂ ಇರಬಹುದು. "ಮೀಟರ್ 10 ತೋರಿಸಿದ ಕೂಡಲೇ ಚೀಲಕ್ಕೆ ತುಂಬಬಹುದು" ಎಂಬ ಹಿಂದಿನ ವಾಕ್ಯ ಇದರ ಮುಂದೆ ನಿಲ್ಲುವುದಿಲ್ಲ. ಶೇ. 10 ದಾಟಿರಬಾರದು ಎನ್ನುವವರು ಮೀಟರ್ 9.0 ತೋರಿಸುವವರೆಗೆ ಕಾಯಬೇಕು ಎಂದು ತಿದ್ದಿದ್ದೇವೆ (ಸಾಲು 268). ಇದಕ್ಕೂ ಬೆಲೆಯಿದೆ: ಶೇ. 10ರಲ್ಲಿ 50 ಕಿಲೋ ಇರುವ ಚೀಲ ಶೇ. 9ಕ್ಕೆ ಇಳಿದರೆ 49.45 ಕಿಲೋ, ಬೆಳೆಗಾರರಿಗೆ ಚೀಲಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು ತೂಕ ನಷ್ಟ. ಈ ಲೆಕ್ಕವನ್ನೂ ಚರ್ಚೆಯಲ್ಲಿ ಕೊಟ್ಟಿದ್ದೇವೆ, ಏಕೆಂದರೆ ಓದುವ ಬೆಳೆಗಾರರು ಮೊದಲು ಕೇಳುವುದು ಅದನ್ನೇ.

1.3 "ಮೀಟರ್‌ಗೆ ಕಾಫಿ ತುಂಬಿದ ಬಗೆ ಸ್ಪಷ್ಟವಿಲ್ಲ."

ಧಾರಣ ಮೀಟರ್‌ನಲ್ಲಿ ಬೀಜ ಎಷ್ಟು ಒತ್ತಾಗಿ ಕೂತಿದೆ ಎಂಬುದೂ ರೀಡಿಂಗ್ ಬದಲಿಸುತ್ತದೆ. ಸಾಲು 131ರಿಂದ ವಿವರ ಸೇರಿಸಿದ್ದೇವೆ: ಕಣದ ಐದು ಜಾಗಗಳಿಂದ, ಮೇಲಿನ ಪದರ ಮಾತ್ರವಲ್ಲದೆ ತಳದಿಂದಲೂ ಎತ್ತಿ ಬೆರೆಸಿದ ಕಾಫಿಯಲ್ಲಿ 200 ಗ್ರಾಂ ತೂಗಿ, 15 ಸೆಂ.ಮೀ. ಎತ್ತರದ ಆಲಿಕೆಯಿಂದ ಸುರಿದು, ಕುಲುಕದೆ, ತಟ್ಟದೆ ರೀಡಿಂಗ್ ತೆಗೆಯಲಾಗಿದೆ. ಪ್ರತಿ ಸಲ ಖಾಲಿ ಮಾಡಿ ಮತ್ತೆ ತುಂಬಿ ಮೂರು ರೀಡಿಂಗ್, ಅವುಗಳ ಸರಾಸರಿ.

1.4 "ಕೋಷ್ಟಕ 2ರಲ್ಲಿ ಒದ್ದೆ ಆಧಾರವೋ ಒಣ ಆಧಾರವೋ?"

ಎಲ್ಲವೂ ಒದ್ದೆ ಆಧಾರ. ಶೀರ್ಷಿಕೆಯಲ್ಲಿ ಬರೆದು, ಸೂತ್ರವನ್ನೂ ಕೊಟ್ಟಿದ್ದೇವೆ:

```
M = (m1 − m2) / (m1 − m0) × 100
```

m0 ಖಾಲಿ ತಟ್ಟೆ, m1 ಓವನ್‌ಗೆ ಮುಂಚೆ ತಟ್ಟೆ ಮತ್ತು ಬೀಜ, m2 ಓವನ್ ನಂತರ. ಒದ್ದೆ ಆಧಾರದ ಶೇ. 10 ಒಣ ಆಧಾರದಲ್ಲಿ ಶೇ. 11.1 ಆಗುವುದರಿಂದ ಈ ಪ್ರಶ್ನೆ ಸಣ್ಣದಲ್ಲ.

ಪರಿಶೀಲಕರು 2

2.1 "ಐಎಸ್‌ಒ 6673 ಹಸಿರು ಕಾಫಿಗೆ ಸಂಬಂಧಿಸಿದ್ದು. ಲೇಖಕರು ಪಾರ್ಚ್‌ಮೆಂಟ್‌ಗೆ ಹೇಗೆ ಬಳಸಿದರು?"

ಮೀಟರ್‌ಗೆ ಹೋದದ್ದು ಸಿಪ್ಪೆಸಹಿತ ಪಾರ್ಚ್‌ಮೆಂಟ್, ಓವನ್‌ಗೆ ಹೋದದ್ದು ಸಿಪ್ಪೆ ಬಿಡಿಸಿದ ಬೀಜ. ಹಿಂದಿನ ಪ್ರತಿಯಲ್ಲಿ ಇದು ಎರಡು ಬೇರೆ ಪರಿಚ್ಛೇದಗಳಲ್ಲಿ ಹಂಚಿಹೋಗಿತ್ತು. ಮೀಟರ್ ರೀಡಿಂಗ್ ಆದ ಹತ್ತು ನಿಮಿಷದೊಳಗೆ ಸಿಪ್ಪೆ ಬಿಡಿಸಿ, ಬೀಜವನ್ನು ಮುಚ್ಚಳವಿರುವ ತಟ್ಟೆಯಲ್ಲಿ ತೂಗಿ, 105° ಸೆ. ನಲ್ಲಿ 16 ಗಂಟೆ ಇಟ್ಟು, ಡೆಸಿಕೇಟರ್‌ನಲ್ಲಿ ತಣಿಸಿ ಮತ್ತೆ ತೂಗಲಾಗಿದೆ. ಆದ್ದರಿಂದ ನಮ್ಮ ಸಮೀಕರಣ ಪಾರ್ಚ್‌ಮೆಂಟ್‌ನ ರೀಡಿಂಗ್‌ನಿಂದ ಬೀಜದ ತೇವಾಂಶವನ್ನು ಅಂದಾಜಿಸುತ್ತದೆ (ಸಾಲು 112–126).

2.2 "ಐಎಸ್‌ಒ 1446 ಮೂಲ ಆಧಾರ ವಿಧಾನ. ಅದನ್ನೇ ಬಳಸಬೇಕಿತ್ತು."

ಈ ಸಲಹೆಯನ್ನು ಪೂರ್ತಿ ಪಾಲಿಸಲಾಗಿಲ್ಲ, ಕ್ಷಮೆಯಿರಲಿ. ಆ ವಿಧಾನದಲ್ಲಿ ಬೀಜ ನಿರ್ವಾತದಲ್ಲಿ, ಒಣಕಾರಕದ ಜೊತೆ, ತೂಕ ಸ್ಥಿರವಾಗುವವರೆಗೆ ಇರಬೇಕು. 120 ಮಾದರಿಗಳಿಗೆ ಅದು ನಮ್ಮಲ್ಲಿ ಆಗುವ ಕೆಲಸವಲ್ಲ. ಆದರೆ ಅವರ ಕಾಳಜಿಯ ತಿರುಳು ಸರಿಯಾಗಿದೆ: 105° ಸೆ. ನಲ್ಲಿ ನೀರಿನ ಜೊತೆ ಆವಿಯಾಗುವ ಬೇರೆ ಅಂಶಗಳೂ ಅಲ್ಪ ಪ್ರಮಾಣದಲ್ಲಿ ಹೋಗುತ್ತವೆ. ಹಾಗಾಗಿ ವಿಧಾನ ವಿಭಾಗದಲ್ಲಿ "ನೀರಿನ ಅಂಶ" ಎಂದಿದ್ದ ಕಡೆಯೆಲ್ಲ "105° ಸೆ. ನಲ್ಲಿ ತೂಕ ನಷ್ಟ" ಎಂದು ಬದಲಿಸಿ, ಮುಂದೆ "ತೇವಾಂಶ" ಎಂದರೆ ಇದೇ ಎಂದು ಒಮ್ಮೆ ಸ್ಪಷ್ಟಪಡಿಸಿದ್ದೇವೆ.

2.3 "ಕಣದಲ್ಲೇ ರೀಡಿಂಗ್ ತೆಗೆಯದೆ ಆರು ಗಂಟೆ ಡಬ್ಬಿಯಲ್ಲಿಟ್ಟದ್ದೇಕೆ? ಬೆಳೆಗಾರರು ಹಾಗೆ ಕಾಯುವುದಿಲ್ಲ."

ಬಿಸಿಲಿನಿಂದ ಈಗಷ್ಟೇ ಎತ್ತಿದ ಪಾರ್ಚ್‌ಮೆಂಟ್‌ನಲ್ಲಿ ಎರಡು ದೋಷಗಳು ಒಂದಕ್ಕೊಂದು ಎದುರಾಗಿ ಎಳೆಯುತ್ತವೆ. ಸಿಪ್ಪೆ ಬೀಜಕ್ಕಿಂತ ಬೇಗ ಒಣಗಿರುವುದರಿಂದ ರೀಡಿಂಗ್ ತಗ್ಗುತ್ತದೆ. ಬೀಜ ಬಿಸಿಯಾಗಿರುವುದರಿಂದ ರೀಡಿಂಗ್ ಏರುತ್ತದೆ. ಯಾವುದು ಗೆಲ್ಲುತ್ತದೆ ಎಂಬುದು ಆ ಹೊತ್ತಿನ ಬಿಸಿಲನ್ನು ಅವಲಂಬಿಸಿದೆ, ಒಂದೇ ತಿದ್ದುಪಡಿ ಸಂಖ್ಯೆ ಕೊಡಲಾಗದು. ಗಾಳಿಯಾಡದ ಡಬ್ಬಿಯಲ್ಲಿ ಆರು ಗಂಟೆ ನೆರಳಲ್ಲಿಟ್ಟಾಗ ಎರಡೂ ತಗ್ಗುತ್ತವೆ. ಡಬ್ಬಿ ತೆರೆದಿದ್ದರೆ ನಮ್ಮ ಬೆಳಗಿನ ಮಂಜಿಗೆ ಸಿಪ್ಪೆ ಮತ್ತೆ ತೇವ ಹಿಡಿಯುತ್ತದೆ. ಬೆಳೆಗಾರರು ಕಾಯುವುದಿಲ್ಲ ಎಂಬುದು ನ್ಯಾಯವಾದ ಮಾತು. ಸಂಜೆ ಕಣ ರಾಶಿ ಮಾಡಿ ಟಾರ್ಪಾಲ್ ಹೊದಿಸುವಾಗ ಮಾದರಿ ಎತ್ತಿ ಡಬ್ಬಿಗೆ ಹಾಕಿ, ಬೆಳಿಗ್ಗೆ ಕಣ ಹರಡುವ ಮೊದಲು ರೀಡಿಂಗ್ ನೋಡಿದರೆ ದಿನದ ಕೆಲಸ ನಿಲ್ಲುವುದಿಲ್ಲ ಎಂದು ಸೇರಿಸಿದ್ದೇವೆ (ಸಾಲು 281). ಇಡೀ ರಾತ್ರಿಯ ಕಾಯುವಿಕೆಯನ್ನು ನಾವು ಪ್ರತ್ಯೇಕವಾಗಿ ಪರೀಕ್ಷಿಸಿಲ್ಲ ಎಂಬುದನ್ನೂ ಅಲ್ಲೇ ಹೇಳಿದ್ದೇವೆ.

2.4 "ಅರೇಬಿಕಾವನ್ನೂ ಸೇರಿಸಿದರೆ ಲೇಖನದ ಉಪಯುಕ್ತತೆ ಹೆಚ್ಚುತ್ತದೆ."

ಹೆಚ್ಚುತ್ತದೆ, ಆದರೆ ಈ ಲೇಖನದಲ್ಲಿ ಬೇಡವೆಂದು ವಿನಯದಿಂದ ಕೋರುತ್ತೇವೆ. ಬೀಜದ ಗಾತ್ರ, ಆಕಾರ ಬೇರೆಯಾದರೆ ಮೀಟರ್‌ನಲ್ಲಿ ಕೂರುವ ಬಗೆಯೂ ಬೇರೆ. ಅದಕ್ಕೆ ಪ್ರತ್ಯೇಕ ಸಮೀಕರಣ ಬೇಕು, ಹೊಸ ಕೊಯ್ಲಿನ ಮಾದರಿಯೂ ಬೇಕು. ಶೀರ್ಷಿಕೆಗೆ "ರೊಬಸ್ಟಾ" ಸೇರಿಸಿ, ಅರೇಬಿಕಾಗೆ ಈ ಸಮೀಕರಣ ಬಳಸಬಾರದು ಎಂದು ತೀರ್ಮಾನದಲ್ಲಿ ನೇರವಾಗಿ ಬರೆದಿದ್ದೇವೆ.

2.5 "ಚಿತ್ರ 3ರ ಅಕ್ಷದಲ್ಲಿ ಏಕಮಾನವಿಲ್ಲ, ಸಾಲು 97ರಲ್ಲಿ ಕಾಗುಣಿತ ದೋಷ."

ಎರಡನ್ನೂ ತಿದ್ದಿದ್ದೇವೆ.

ಬದಲಾವಣೆಗಳನ್ನು ಗುರುತಿಸಿದ ಪ್ರತಿ, ಗುರುತಿಲ್ಲದ ಪ್ರತಿ ಮತ್ತು 120 ಮಾದರಿಗಳ ಮೂಲ ತೂಕಗಳ ಹಾಳೆಯನ್ನು ಲಗತ್ತಿಸಿದ್ದೇವೆ. 1.1ರ ಹೊಸ ವಿಶ್ಲೇಷಣೆಯನ್ನು ಪರಿಶೀಲಕರು ತಾವೇ ಮರು ಲೆಕ್ಕ ಹಾಕಿ ನೋಡಲು ಆ ಹಾಳೆಯಲ್ಲಿ ಲಾಟ್ ಸಂಖ್ಯೆಯ ಕಾಲಂ ಕೂಡ ಇದೆ.

ವಂದನೆಗಳೊಂದಿಗೆ,
ಲೇಖಕರೆಲ್ಲರ ಪರವಾಗಿ, ಸಂಪರ್ಕ ಲೇಖಕರು
ಗೋಣಿಕೊಪ್ಪಲು, ಕೊಡಗು